ಅಂಗಡಿ-ಆಫೀಸು ಬೇರೆ ಕಟ್ಟಡಕ್ಕೆ ಒಯ್ಯುವವರಿಗೆ ಚೆಕ್‌ಲಿಸ್ಟ್: ಮೊದಲು ಕಾಗದ, ಆಮೇಲೆ ಟೇಬಲ್

ಹನುಮಸಾಗರ: ಬಾಡಿಗೆ ಕರಾರು ಮುಗಿದಾಗ, ಮಾಲೀಕರು ಕಟ್ಟಡ ಕೆಡವಲು ಹೊರಟಾಗ, ವ್ಯಾಪಾರ ಬೆಳೆದು ಜಾಗ ಸಾಲದಾದಾಗ ಅಂಗಡಿ, ಆಫೀಸು ಬೇರೆ ಕಡೆ ಒಯ್ಯುವುದು ಇದ್ದದ್ದೇ. ಟೇಬಲ್, ಕುರ್ಚಿ, ಅಲಮಾರಿ ಸಾಗಿಸಲು ಒಂದು ಟ್ರ್ಯಾಕ್ಟರ್, ನಾಲ್ಕು ಆಳು, ಒಂದು ದಿನ ಸಾಕು. ಆದರೆ ವ್ಯಾಪಾರ ನಿಲ್ಲುವುದು ಕುರ್ಚಿ ಮುರಿದದ್ದಕ್ಕಲ್ಲ. ಲೈಸೆನ್ಸಿನಲ್ಲಿ ಹಳೆಯ ವಿಳಾಸ ಉಳಿದದ್ದಕ್ಕೆ, ಕರೆಂಟ್ ಮೀಟರ್ ಮನೆಬಳಕೆಯದ್ದಾಗಿದ್ದಕ್ಕೆ, ಬೇಕಾದ ಫೈಲ್ ಯಾವ ಡಬ್ಬದಲ್ಲಿದೆ ಎಂಬುದು ಯಾರಿಗೂ ಗೊತ್ತಿಲ್ಲದ್ದಕ್ಕೆ.

ಉದಾಹರಣೆಗೆ ಒಂದು ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಳ್ಳೋಣ. ಮಾಲೀಕರು, ನಾಲ್ವರು ಸಿಬ್ಬಂದಿ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೊಬ್ಬರ ಮಾರುವ ಪಿಒಎಸ್ ಮಷಿನ್, ಮೂರು ಅಲಮಾರಿ, ಹಿಂದೆ ಒಂದು ಗೋದಾಮು. ಇವರು ಅದೇ ಊರಲ್ಲಿ ಬೇರೆ ಓಣಿಗೆ ಹೋಗಬೇಕು. ಜೂನ್‌ನಲ್ಲಿ ಮುಂಗಾರು ಬಿತ್ತನೆ ಶುರುವಾದರೆ ಒಂದು ದಿನ ಬಾಗಿಲು ಹಾಕಿದರೂ ನಷ್ಟ. ಹೀಗಾಗಿ ಏಪ್ರಿಲ್‌ನಲ್ಲೇ ಕೆಲಸ ಮುಗಿಸಬೇಕೆಂದರೆ ಮಾರ್ಚ್ ಮೊದಲ ವಾರದಿಂದ ತಯಾರಿ ಬೇಕು.

1. ವಿಳಾಸ ಬದಲಾವಣೆ: ಒಂದರ ಹಿಂದೆ ಒಂದು

ಎಲ್ಲಕ್ಕೂ ಬುನಾದಿ ಹೊಸ ಕಟ್ಟಡದ ಬಾಡಿಗೆ ಕರಾರು ಪತ್ರ. ಅದರ ಜೊತೆಗೆ ಆ ಕಟ್ಟಡದ ಇತ್ತೀಚಿನ ಕರೆಂಟ್ ಬಿಲ್ ಅಥವಾ ತೆರಿಗೆ ರಸೀದಿ ಬೇಕು. ಇವು ಮಾಲೀಕರ ಹೆಸರಲ್ಲಿ ಇರುತ್ತವೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಕರಾರಿನಲ್ಲಿ ಬಾಡಿಗೆ ಕೊಟ್ಟವರ ಹೆಸರು ಮತ್ತು ಬಿಲ್‌ನಲ್ಲಿರುವ ಹೆಸರು ಒಂದೇ ಇರಬೇಕು. ಬಿಲ್ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದ್ದರೆ ಸಂಬಂಧ ತೋರಿಸುವ ಕಾಗದವನ್ನು ಮಾಲೀಕರಿಂದ ಮೊದಲೇ ಇಸಿದುಕೊಳ್ಳಿ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ ಆಸ್ತಿ ಪತ್ರಗಳಲ್ಲಿ ‘ರಾಯಚೂರು ಜಿಲ್ಲೆ’ ಅಂತಲೇ ಇರುತ್ತದೆ. ಇಂಗ್ಲಿಷ್‌ನಲ್ಲಿ ಬರೆಯುವಾಗ ಕುಷ್ಟಗಿಯನ್ನು, ಹನುಮಸಾಗರವನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಒಂದೇ ಸ್ಪೆಲ್ಲಿಂಗ್ ಗಟ್ಟಿ ಮಾಡಿಕೊಂಡು ಒಂದು ಹಾಳೆಯಲ್ಲಿ ಪೂರ್ತಿ ವಿಳಾಸ ಟೈಪ್ ಮಾಡಿಸಿ. ಎಲ್ಲ ಅರ್ಜಿಗೂ ಅದನ್ನೇ ನೋಡಿ ತುಂಬಿ.

ಕಾಗದ ಕೈಗೆ ಬಂದ ಮೇಲೆ ಮೊದಲ ಕೆಲಸ ಮಾರಾಟದ ಲೈಸೆನ್ಸ್. ಬೀಜ, ಗೊಬ್ಬರ, ಕೀಟನಾಶಕ ಈ ಮೂರರ ಪರವಾನಗಿಯೂ ವ್ಯಕ್ತಿಗೆ ಮಾತ್ರವಲ್ಲ, ಜಾಗಕ್ಕೂ ಸೇರಿದ್ದು. ಪರವಾನಗಿಯಲ್ಲಿ ಬರೆದ ಜಾಗ ಬಿಟ್ಟು ಬೇರೆ ಕಡೆ ಮಾರಿದರೆ ಲೈಸೆನ್ಸ್ ಇಲ್ಲದೆ ಮಾರಿದಂತೆಯೇ ಲೆಕ್ಕ. ಕುಷ್ಟಗಿಯ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ, ಅಂಗಡಿಯ ವಿಳಾಸ, ಗೋದಾಮಿನ ವಿಳಾಸ ಎರಡನ್ನೂ ಬದಲಿಸಲು ಅರ್ಜಿ ಹಾಕಿ. ಹೊಸ ವಿಳಾಸದ ಲೈಸೆನ್ಸ್ ಕೈಗೆ ಬರುವವರೆಗೆ ಹಳೆಯ ಅಂಗಡಿಯ ಬಾಡಿಗೆ ಬಿಡಬೇಡಿ.

ಎರಡನೆಯದು ಜಿಎಸ್‌ಟಿ. ವಿಳಾಸ ಬದಲಾದ 15 ದಿನದೊಳಗೆ ತಿದ್ದುಪಡಿ ಅರ್ಜಿ ಹಾಕಬೇಕು. ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಈ ದಾರಿಯಲ್ಲಿ ಹೋಗಿ:

```
Services > Registration > Amendment of Registration Core Fields
```

ಅರ್ಜಿಯ ಹೆಸರು REG-14. ರಾಜ್ಯದೊಳಗೇ ಇರುವುದರಿಂದ ಜಿಎಸ್‌ಟಿ ನಂಬರ್ ಬದಲಾಗುವುದಿಲ್ಲ. ಸುಲಭದ ದಾರಿ ಎಂದರೆ, ಸಾಮಾನು ಸಾಗಿಸುವ ಮೊದಲೇ ಹೊಸ ಕಟ್ಟಡವನ್ನು ‘ಹೆಚ್ಚುವರಿ ಜಾಗ’ ಎಂದು ಸೇರಿಸಿಬಿಡುವುದು. ಆಗ ಅರ್ಧ ಮಾಲು ಅಲ್ಲಿ, ಅರ್ಧ ಇಲ್ಲಿ ಇರುವ ದಿನಗಳಲ್ಲೂ ಎರಡೂ ಜಾಗ ದಾಖಲೆಯಲ್ಲಿ ಇರುತ್ತವೆ. ಪೂರ್ತಿ ಸಾಗಿಸಿದ ಮೇಲೆ ಹೊಸದನ್ನು ಮುಖ್ಯ ಜಾಗ ಮಾಡಿ, ಹಳೆಯದನ್ನು ತೆಗೆಸಬಹುದು. ಮಾಲು ಒಯ್ಯುವಾಗ ಪ್ರತಿ ಲೋಡಿಗೂ ಡೆಲಿವರಿ ಚಲನ್ ಬರೆಯಿರಿ. ಲೋಡಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಕೂಡ ಬೇಕು. ಇದು ಮಾರಾಟ ಅಲ್ಲ, ಆದರೂ ಮಾಲಿನ ಸಾಗಾಟವೇ.

ಪಂಚಾಯ್ತಿಯ ಟ್ರೇಡ್ ಲೈಸೆನ್ಸ್, ಬ್ಯಾಂಕ್ ಖಾತೆ, ವಿಮೆ ಪಾಲಿಸಿ ಇವೆಲ್ಲ ಆಮೇಲೆ. ಬ್ಯಾಂಕಿಗೆ ಹೊಸ ಜಿಎಸ್‌ಟಿ ಸರ್ಟಿಫಿಕೇಟ್ ಒಯ್ದರೆ ಕೆಲಸ ಸಲೀಸು. ವಿಮೆ ಮಾತ್ರ ಸಾಗಿಸುವ ದಿನಕ್ಕೆ ಮೊದಲೇ ಬದಲಾಗಬೇಕು. ಪಾಲಿಸಿಯಲ್ಲಿ ಹಳೆಯ ಗೋದಾಮಿನ ವಿಳಾಸವಿದ್ದು, ಹೊಸ ಗೋದಾಮಿನಲ್ಲಿ ಬೆಂಕಿ ಬಿದ್ದರೆ ಕ್ಲೇಮ್ ಸಿಗುವುದು ಕಷ್ಟ.

2. ಕರೆಂಟ್, ನೀರು, ಇಂಟರ್ನೆಟ್

ಜೆಸ್ಕಾಂ ಮೀಟರ್ ಬಾಡಿಗೆದಾರರ ಜೊತೆ ಬರುವುದಿಲ್ಲ, ಕಟ್ಟಡದ ಜೊತೆಗೇ ಉಳಿಯುತ್ತದೆ. ಆರ್‌ಆರ್ ನಂಬರ್ ಆ ಕಟ್ಟಡದ್ದು. ಹೀಗಾಗಿ ಹಳೆಯ ಕಡೆ ಬಿಡುವ ದಿನ, ಹೊಸ ಕಡೆ ಸೇರುವ ದಿನ, ಎರಡೂ ಮೀಟರ್‌ನ ರೀಡಿಂಗ್ ಫೋಟೊ ತೆಗೆಯಿರಿ. ಫೋಟೊದಲ್ಲಿ ಮೀಟರ್ ನಂಬರ್ ಕಾಣಬೇಕು. ಅದನ್ನು ಮಾಲೀಕರ ವಾಟ್ಸಾಪ್‌ಗೆ ಅದೇ ದಿನ ಕಳಿಸಿ. ಹಿಂದಿನವರು ಬಿಟ್ಟ ಬಾಕಿ ಯಾರು ಕಟ್ಟಬೇಕು ಎಂಬ ಜಗಳ ಇಷ್ಟಕ್ಕೇ ಮುಗಿಯುತ್ತದೆ.

ಬಿಲ್ ಕೈಯಲ್ಲಿ ಹಿಡಿದು ನೋಡಬೇಕಾದ್ದು ಎರಡು. ಒಂದು, ಟ್ಯಾರಿಫ್. ಅಂಗಡಿ, ಆಫೀಸಿಗೆ ಎಲ್‌ಟಿ-3 ಇರಬೇಕು. ಮನೆಯಾಗಿದ್ದ ಕಟ್ಟಡದ ಮುಂದಿನ ಖೋಲಿಯನ್ನು ಅಂಗಡಿ ಮಾಡಿದ ಕಡೆ ಎಲ್‌ಟಿ-1, ಅಂದರೆ ಮನೆಬಳಕೆ ಅಂತ ಇರುತ್ತದೆ. ಅದರಲ್ಲೇ ವ್ಯಾಪಾರ ನಡೆಸಿದರೆ ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 126ರಲ್ಲಿ ಅನಧಿಕೃತ ಬಳಕೆ ಎಂದಾಗುತ್ತದೆ. ತಪಾಸಣೆಗೆ ಬಂದವರು ದುಪ್ಪಟ್ಟು ದರದಲ್ಲಿ ಲೆಕ್ಕ ಹಾಕುತ್ತಾರೆ. ಯಾವಾಗಿಂದ ಹೀಗಿದೆ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಬರುತ್ತದೆ. ಎರಡು, ಮಂಜೂರಾದ ಲೋಡ್. ಒಂದೂವರೆ ಟನ್ ಎಸಿ ಒಂದೇ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಮಂಜೂರಾದದ್ದು ಒಂದೇ ಕಿಲೋವ್ಯಾಟ್ ಇದ್ದರೆ ಹೆಚ್ಚಿಸಲು ಮಾಲೀಕರಿಂದಲೇ ಅರ್ಜಿ ಹಾಕಿಸಬೇಕು. ಈ ಎರಡೂ ಮಾತು ಕರಾರಿಗೆ ಸಹಿ ಹಾಕುವ ಮೊದಲೇ ಆಗಲಿ.

ನಲ್ಲಿ ನೀರಿನ ಬಾಕಿ ಇಲ್ಲ ಎಂಬ ರಸೀದಿಯನ್ನು ಮಾಲೀಕರಿಂದ ಕೇಳಿ ಪಡೆಯಿರಿ. ಫೈಬರ್ ಇಂಟರ್ನೆಟ್ ಇದ್ದರೆ ಎರಡು ವಾರ ಮೊದಲೇ ಕಂಪನಿಗೆ ತಿಳಿಸಿ. ಗೋಡೆಯ ಫೈಬರ್ ಎಳೆಯನ್ನು ನಾವೇ ಕಿತ್ತು ಒಯ್ಯಲು ಬರುವುದಿಲ್ಲ, ಅದು ಗಾಜಿನ ಎಳೆ, ಮಡಚಿದರೆ ಮುರಿಯುತ್ತದೆ. ಹೊಸ ಕಡೆ ಅವರೇ ಎಳೆದು ಜೋಡಿಸಬೇಕು. ಪಿಒಎಸ್ ಮಷಿನ್ ಸಿಮ್ ಮೇಲೆ ನಡೆಯುವುದಾದರೆ ಹೊಸ ಕೌಂಟರ್ ಬರುವ ಜಾಗದಲ್ಲೇ ಸಿಗ್ನಲ್ ನೋಡಿ. ಆರ್‌ಸಿಸಿ ಕಟ್ಟಡದ ಒಳಖೋಲಿಯಲ್ಲಿ ಸಿಗ್ನಲ್ ಬೀಳುವುದುಂಟು.

3. ದಾಖಲೆಗಳು

ಸರ್ಕಾರಿ ಕಚೇರಿಗಳಲ್ಲಿ ಕಡತಗಳನ್ನು ವರ್ಗ ಮಾಡಿ ಇಡುತ್ತಾರೆ: ‘ಎ’ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10 ವರ್ಷ, ‘ಡಿ’ 5 ವರ್ಷ, ‘ಇ’ 1 ವರ್ಷ. ಅಂಗಡಿಗೆ ಇಷ್ಟೆಲ್ಲ ಬೇಡ, ಮೂರು ಗುಂಪು ಸಾಕು.

ಮೊದಲ ಗುಂಪು ಮೂಲ ಕಾಗದ: ಲೈಸೆನ್ಸ್, ಕರಾರು, ಸಾಲದ ಪತ್ರ, ಚೆಕ್‌ಬುಕ್. ಇವು ಟ್ರ್ಯಾಕ್ಟರ್ ಹತ್ತಬಾರದು. ಮಾಲೀಕರೇ ಬ್ಯಾಗಿನಲ್ಲಿ ಒಯ್ಯಬೇಕು. ಎರಡನೆಯದು ಲೆಕ್ಕದ ಪುಸ್ತಕ, ಬಿಲ್, ಸ್ಟಾಕ್ ರಿಜಿಸ್ಟರ್. ಜಿಎಸ್‌ಟಿ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2022-23ರ ರಿಟರ್ನ್‌ಗೆ ಕೊನೆಯ ದಿನ 31-12-2023. ಹೀಗಾಗಿ ಆ ವರ್ಷದ ಬಿಲ್‌ಗಳನ್ನು 31-12-2029ರವರೆಗೆ ಬಿಸಾಡುವಂತಿಲ್ಲ. ಕೇಸು, ಅಪೀಲು ಇದ್ದರೆ ಇನ್ನೂ ಹೆಚ್ಚು ದಿನ. ಮೂರನೆಯದು ಹಳೆ ಕ್ಯಾಟಲಾಗ್, ಮುಗಿದ ಪ್ಯಾಡ್. ಅವನ್ನು ಹೊಸ ಕಟ್ಟಡಕ್ಕೆ ಹೊರುವ ಅಗತ್ಯವಿಲ್ಲ. ಆದರೆ ‘ರದ್ದಿ’ ಅಂತ ಹಾಕುವ ಮೊದಲು ಮಾಲೀಕರೊಮ್ಮೆ ಕಣ್ಣಾಡಿಸಬೇಕು.

ಡಬ್ಬ ಸಣ್ಣದಿರಲಿ. 500 ಹಾಳೆಯ ಒಂದು ಎ-4 ಕಟ್ಟು ಸುಮಾರು 2.3 ಕೆ.ಜಿ. ತೂಗುತ್ತದೆ. ಆರು ಕಟ್ಟಿನಷ್ಟು ಕಾಗದ ತುಂಬಿದರೆ 14 ಕೆ.ಜಿ. ಅದಕ್ಕಿಂತ ಹೆಚ್ಚಾದರೆ ರಟ್ಟಿನ ಡಬ್ಬದ ತಳ ಬಿಚ್ಚುತ್ತದೆ. ಡಬ್ಬಕ್ಕೆ ನಂಬರ್ ಕೊಟ್ಟು, ಒಳಗೆ ಏನಿದೆ ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಹತ್ತುವಾಗ ಒಂದು ಟಿಕ್, ಇಳಿಯುವಾಗ ಇನ್ನೊಂದು ಟಿಕ್. ಹೊಸ ಗೋಡೆಗೆ ಸುಣ್ಣ-ಬಣ್ಣ ಹಸಿ ಇದ್ದರೆ ಅದಕ್ಕೆ ತಾಗಿಸಿ ಫೈಲ್ ಇಡಬೇಡಿ. ಅರ್ಧ ಅಡಿ ಬಿಟ್ಟು, ಹಲಗೆ ಮೇಲೆ ಇಡಿ.

ಗೊಬ್ಬರದಂಗಡಿಗೆ ಇನ್ನೊಂದು ಎಚ್ಚರ. ಸಾಗಿಸುವ ಹಿಂದಿನ ಸಂಜೆ ಚೀಲ ಎಣಿಸಿ, ಪಿಒಎಸ್ ಮಷಿನ್ ತೋರಿಸುವ ಸ್ಟಾಕಿಗೆ ತಾಳೆ ನೋಡಿ. ಇಳಿಸಿದ ಮೇಲೆ ಮತ್ತೊಮ್ಮೆ ಎಣಿಸಿ. ತಪಾಸಣೆಗೆ ಬರುವವರು ನೋಡುವುದು ಇದನ್ನೇ.

4. ಕೇಬಲ್

ಕೇಬಲ್ ಕೀಳುವ ಮೊದಲು ಪ್ರತಿ ಕಂಪ್ಯೂಟರ್‌ನ ಹಿಂಭಾಗದ ಫೋಟೊ ತೆಗೆಯಿರಿ. ಕೇಬಲ್‌ನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಹಚ್ಚಿ. ಒಂದೇ ತುದಿಗೆ ಹಚ್ಚಿದರೆ ಇನ್ನೊಂದು ತುದಿ ಎಲ್ಲಿ ಸೇರಬೇಕೆಂಬುದು ತಿಳಿಯುವುದಿಲ್ಲ. ಒಂದು ಕಂಪ್ಯೂಟರ್‌ನ ಎಲ್ಲ ಕೇಬಲ್, ಅಡಾಪ್ಟರ್ ಒಂದೇ ಚೀಲದಲ್ಲಿ ಇರಲಿ. ಅಡಾಪ್ಟರ್ ಅದಲು-ಬದಲಾದರೆ ವೋಲ್ಟೇಜ್ ಹೊಂದದೆ ರೌಟರ್ ಸುಡಬಹುದು. ಲೆಕ್ಕದ ಸಾಫ್ಟ್‌ವೇರ್‌ನ ಬ್ಯಾಕಪ್ ಎರಡು ಪೆನ್‌ಡ್ರೈವ್‌ಗೆ ಹಾಕಿ, ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆಯೇ ನೋಡಿ. ಯುಪಿಎಸ್‌ನ ನೀರಿನ ಬ್ಯಾಟರಿಯನ್ನು ನೆಟ್ಟಗೇ ಒಯ್ಯಬೇಕು, ಮಲಗಿಸಿದರೆ ಆ್ಯಸಿಡ್ ಚೆಲ್ಲುತ್ತದೆ.

ಹೊಸ ಕಡೆ ಪ್ಲಗ್ ಹಾಕುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ನೋಡಿಸಿ. ಕಂಪ್ಯೂಟರ್‌ನ ಕಬ್ಬಿಣದ ಮೈ ಮುಟ್ಟಿದಾಗ ಜುಮ್ ಅಂದರೆ ಅರ್ಥಿಂಗ್ ಸರಿಯಿಲ್ಲ ಅಂತಲೇ ತಿಳಿಯಿರಿ. ನೆಟ್‌ವರ್ಕ್ ಕೇಬಲನ್ನು ಕರೆಂಟ್ ವೈರಿನ ಪೈಪಿನಲ್ಲೇ ಎಳೆಸಬೇಡಿ.

5. ಟೇಬಲ್, ಅಲಮಾರಿ, ಹೆಸರಿನ ಚೀಟಿ

ಸಾಮಾನ್ಯ ಸ್ಟೀಲ್ ಅಲಮಾರಿ 78 ಇಂಚು ಎತ್ತರ, 36 ಅಗಲ, 19 ಆಳ ಇರುತ್ತದೆ. ಮಲಗಿಸಿ ಒಳಗೆ ಒಯ್ದು ಎತ್ತಿ ನಿಲ್ಲಿಸುವಾಗ ಮೂಲೆಯಿಂದ ಮೂಲೆಗೆ 80 ಇಂಚಿನ ಮೇಲೆ ಜಾಗ ಬೇಕು. ಅಟ್ಟ, ತೊಲೆ ಇರುವ ಖೋಲಿಯಲ್ಲಿ ಇದನ್ನು ಟೇಪು ಹಿಡಿದು ಮೊದಲೇ ಅಳೆಯಿರಿ. ತಿಜೋರಿ, ಅಲಮಾರಿ ಖಾಲಿ ಮಾಡಿಯೇ ಎತ್ತಬೇಕು. ಕೀಲಿಗಳನ್ನು ನಂಬರ್ ಬರೆದ ಲಕೋಟೆಯಲ್ಲಿ ಹಾಕಿ ಒಬ್ಬರ ಕೈಯಲ್ಲೇ ಇಡಿ.

ಚೀಟಿಯ ಕೆಲಸ ಹೀಗೆ. ಹೊಸ ಖೋಲಿಯ ನಕ್ಷೆ ಒಂದು ಹಾಳೆಯಲ್ಲಿ ಬರೆದು, ಕೂರುವ ಜಾಗಕ್ಕೆ 1ರಿಂದ 5 ನಂಬರ್ ಕೊಡಿ. 1 ಮಾಲೀಕರು, 2 ಬಿಲ್ಲಿಂಗ್, 3 ಲೆಕ್ಕ, 4 ಕೌಂಟರ್, 5 ಗೋದಾಮು. ಅದೇ ನಂಬರ್ ಟೇಬಲ್, ಕುರ್ಚಿ, ಕಂಪ್ಯೂಟರ್, ಡ್ರಾಯರಿನ ಡಬ್ಬ ಎಲ್ಲದಕ್ಕೂ ಬರಲಿ. ಬರೀ ಹೆಸರು ಬರೆದರೆ ಹೊರುವ ಆಳುಗಳಿಗೆ ಯಾರು ಎಲ್ಲಿ ಕೂರುತ್ತಾರೆಂದು ಗೊತ್ತಿರುವುದಿಲ್ಲ. ಸಾಮಾನು ಬರುವ ಮುಂಚೆಯೇ ಹೊಸ ಗೋಡೆಗೂ ಆ ನಂಬರ್ ಹಚ್ಚಿರಬೇಕು. ಡಬ್ಬದ ಮೇಲ್ಭಾಗಕ್ಕಲ್ಲ, ಮಗ್ಗಲಿಗೆ ಹಚ್ಚಿ. ಒಂದರ ಮೇಲೊಂದು ಇಟ್ಟಾಗಲೂ ಕಾಣುತ್ತದೆ. ಸನ್‌ಮೈಕಾ ಮೇಲೆ ಸೆಲ್ಲೋಟೇಪ್ ಬೇಡ, ಬಿಸಿಲಿಗೆ ಅಂಟು ಕರಗಿ ಕಲೆ ಉಳಿಯುತ್ತದೆ. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಸಾಕು.

ದಿನದ ಲೆಕ್ಕ

- 40 ದಿನ ಮೊದಲು: ಕರೆಂಟ್ ಬಿಲ್‌ನ ಟ್ಯಾರಿಫ್, ಲೋಡ್ ನೋಡಿ ಕರಾರಿಗೆ ಸಹಿ. ಕೃಷಿ ಇಲಾಖೆಗೆ ಅರ್ಜಿ.
- 20 ದಿನ: ಜಿಎಸ್‌ಟಿಯಲ್ಲಿ ಹೆಚ್ಚುವರಿ ಜಾಗ ಸೇರ್ಪಡೆ. ಇಂಟರ್ನೆಟ್ ಕಂಪನಿಗೆ ಸುದ್ದಿ.
- 7 ದಿನ: ದಾಖಲೆ ಮೂರು ಗುಂಪು. ಅರ್ಥಿಂಗ್ ತಪಾಸಣೆ. ವಿಮೆ ವಿಳಾಸ ಬದಲಾವಣೆ.
- ಹಿಂದಿನ ದಿನ: ಬ್ಯಾಕಪ್, ಕೇಬಲ್ ಫೋಟೊ, ನಂಬರ್ ಚೀಟಿ, ಸ್ಟಾಕ್ ಎಣಿಕೆ.
- ಆ ದಿನ: ಎರಡೂ ಮೀಟರ್ ಫೋಟೊ, ಡಬ್ಬದ ಟಿಕ್, ಲೋಡಿಗೊಂದು ಚಲನ್.
- 15 ದಿನದೊಳಗೆ: ಜಿಎಸ್‌ಟಿ ಮುಖ್ಯ ವಿಳಾಸ ಬದಲು. ನಂತರ ಪಂಚಾಯ್ತಿ ಲೈಸೆನ್ಸ್, ಬ್ಯಾಂಕ್. ಹಳೆಯ ಕಟ್ಟಡದ ಕೀಲಿ ಕೊಡುವಾಗ ಡಿಪಾಸಿಟ್ ವಾಪಸ್ ಪಡೆದು, ಲೆಕ್ಕ ಚುಕ್ತಾ ಆಯಿತೆಂದು ಬರೆಸಿಕೊಳ್ಳಿ.