ಅಂಗಡಿಯ ಬಿಲ್‌ಗಳನ್ನು ಪಿಡಿಎಫ್ ಮಾಡಿಡುವುದು ಹೇಗೆ?

ಬಿಲ್ ಜೋಪಾನವಾಗಿ ಫೈಲಿನಲ್ಲಿದ್ದರೆ ಸಾಕೇ? ಸಾಲದು. ಯಂತ್ರದಿಂದ ಬರುವ ನುಣುಪಾದ ಥರ್ಮಲ್ ಬಿಲ್‌ನಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಮೇಲಿನ ಲೇಪನ ಶಾಖಕ್ಕೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಸೆಖೆ, ಎಣ್ಣೆ ತಾಗಿದರೆ ಅದು ಕೆಲವೇ ತಿಂಗಳಲ್ಲಿ ಮಾಸಬಹುದು. ಆದರೆ ಜಿಎಸ್‌ಟಿ ನೋಂದಣಿ ಇರುವವರು, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು.

ಹಾಗಾಗಿ ಬಿಲ್ ಬಂದ ದಿನವೇ ಸ್ಕ್ಯಾನ್ ಮಾಡಿ. ಮಡಿಕೆ ಬಿಡಿಸಿ, ಗಾಢ ಬಣ್ಣದ ಮೇಜಿನ ಮೇಲೆ ಹರಡಿ. ಆಗ ಗೂಗಲ್ ಡ್ರೈವ್ ಆ್ಯಪ್‌ನ ಸ್ಕ್ಯಾನರ್ ಬಿಲ್‌ನ ಅಂಚನ್ನು ಸುಲಭವಾಗಿ ಗುರುತಿಸುತ್ತದೆ. ಉಳಿಸುವ ಮುನ್ನ ಹಿಗ್ಗಿಸಿ ನೋಡಿ. ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ದಿನಾಂಕ, ಮೊತ್ತ ಇವುಗಳಲ್ಲಿ ಒಂದು ಮಸುಕಾಗಿದ್ದರೂ ಮತ್ತೆ ತೆಗೆಯಿರಿ.

ಇನ್ನು ಹೆಸರು. 2025ರ ಜುಲೈ 5ರಂದು ತಂದ ಅಕ್ಕಿಯ 1042ನೇ ಬಿಲ್‌ಗೆ `2025-07-05_akki_1042.pdf` ಎಂದಿಡಿ. ವರ್ಷ ಮೊದಲು ಬಂದರೆ ಫೈಲ್‌ಗಳು ತಾವಾಗಿಯೇ ದಿನಾಂಕದ ಕ್ರಮದಲ್ಲಿ ನಿಲ್ಲುತ್ತವೆ. ದಿನ ಮೊದಲು ಬಂದರೆ ಎಲ್ಲ ತಿಂಗಳ 5ನೇ ತಾರೀಖಿನ ಬಿಲ್‌ಗಳೂ ಒಂದೆಡೆ ಸೇರಿಬಿಡುತ್ತವೆ. ತಿಂಗಳಿಗೊಂದು ಫೋಲ್ಡರ್ ಮಾಡಿ. ಸ್ಕ್ಯಾನ್ ಆಯಿತೆಂದು ಮೂಲ ಬಿಲ್ ಎಸೆಯಬೇಡಿ.