ಇಪ್ಪತ್ತೇಳು ಟಿಕೆಟ್‌ಗಳ ಗ್ಯಾರಂಟಿ

2023ರ ಜುಲೈ 1ರಂದು ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯ ಡ್ರಾ ನಡೆಯಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಇಬ್ಬರು ಗಣಿತಜ್ಞರು, ಡೇವಿಡ್ ಕುಶಿಂಗ್ ಮತ್ತು ಡೇವಿಡ್ ಸ್ಟೀವರ್ಟ್, ಆ ಡ್ರಾಗೆ 27 ಟಿಕೆಟ್ ಕೊಂಡಿದ್ದರು. ಒಂದಕ್ಕೆ 2 ಪೌಂಡ್, ಒಟ್ಟು 54 ಪೌಂಡ್. ಯಾವ ಚೆಂಡುಗಳೇ ಬರಲಿ, ಈ 27ರಲ್ಲಿ ಒಂದಾದರೂ ಟಿಕೆಟ್‌ನಲ್ಲಿ ಕನಿಷ್ಠ ಎರಡು ಸಂಖ್ಯೆ ಹೊಂದಲೇಬೇಕು ಎಂದು ಅವರು ಮೊದಲೇ ಸಾಧಿಸಿ ತೋರಿಸಿದ್ದರು. ಅದು ನಿಜವಾಯಿತು. ಆದರೆ ಕೈಗೆ ಬಂದದ್ದೇನು ಎನ್ನುವುದನ್ನು ಕೊನೆಗೆ ನೋಡೋಣ. ಅದಕ್ಕೂ ಮೊದಲು ಈ ಲೆಕ್ಕಾಚಾರ ಎಲ್ಲಿಂದ ಬಂತು ಎಂದು ತಿಳಿಯಬೇಕು.

ಆಡುವವನೇ ಸಂಖ್ಯೆ ಆರಿಸುವ ಲಾಟರಿಗಳಿರುವ ದೇಶಗಳಲ್ಲಿ ಇದನ್ನು ‘ವೀಲಿಂಗ್’ ಎನ್ನುತ್ತಾರೆ. ಒಂದೇ ಟಿಕೆಟ್‌ನಲ್ಲಿ ಆರು ಸಂಖ್ಯೆ ಬರೆಯುವ ಬದಲು ಒಂಬತ್ತು, ಹತ್ತು, ಹದಿನಾಲ್ಕು ಸಂಖ್ಯೆ ಆರಿಸಿಕೊಂಡು, ಅವುಗಳನ್ನು ಒಂದು ಕ್ರಮದಲ್ಲಿ ಹಲವು ಟಿಕೆಟ್‌ಗಳಿಗೆ ಹಂಚುವುದು. ನಮ್ಮ ಕಾಗದದ ಟಿಕೆಟ್‌ಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. 2007ರಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸುವ ಮೊದಲು ಬಸ್‌ಸ್ಟ್ಯಾಂಡುಗಳಲ್ಲಿ ಮಾರುತ್ತಿದ್ದ ಕಾಗದದ ಟಿಕೆಟ್‌ಗಳ ಮೇಲೆ ನಂಬರು ಮೊದಲೇ ಅಚ್ಚಾಗಿರುತ್ತಿತ್ತು.

ಇದರ ಗಣಿತ ಲಾಟರಿಗಾಗಿ ಹುಟ್ಟಿದ್ದಲ್ಲ. ಇಟಲಿಯ ಜೀನೊ ಫಾನೊ 1892ರಲ್ಲಿ ಜ್ಯಾಮಿತಿಯ ಮೂಲತತ್ವಗಳನ್ನು ಪರೀಕ್ಷಿಸುತ್ತಾ ಬಿಂದುಗಳೂ ರೇಖೆಗಳೂ ಬೆರಳೆಣಿಕೆಯಷ್ಟೇ ಇರುವ ಜ್ಯಾಮಿತಿಗಳನ್ನು ಕಟ್ಟಿದ. ಅವನ ಹೆಸರು ಹೊತ್ತ ಅತಿ ಚಿಕ್ಕ ರಚನೆಯಲ್ಲಿ ಏಳು ಬಿಂದು, ಏಳು ರೇಖೆ, ಪ್ರತಿ ರೇಖೆಯಲ್ಲಿ ಮೂರು ಬಿಂದು. ಯಾವ ಎರಡು ಬಿಂದು ತೆಗೆದುಕೊಂಡರೂ ಅವೆರಡೂ ಒಂದೇ ಒಂದು ರೇಖೆಯಲ್ಲಿ ಜೊತೆಯಾಗಿ ಸಿಗುತ್ತವೆ.

ಇಂಥ ಲೆಕ್ಕ ಪಂಡಿತರಿಗಿಂತ ಮೊದಲೇ ಜೂಜಾಡುವವರಿಗೆ ಹೊಳೆದದ್ದೂ ಇದೆ. 1947ರಲ್ಲಿ ಫಿನ್ಲೆಂಡಿನ ಫುಟ್‌ಬಾಲ್ ಬೆಟ್ಟಿಂಗ್ ಪತ್ರಿಕೆ ‘ವೈಕ್ಕಾಯಾ’ದಲ್ಲಿ ಯುಹಾನಿ ವಿರ್ತಕಲ್ಲಿಯೊ ಎಂಬಾತ ಒಂದು ಪಟ್ಟಿ ಪ್ರಕಟಿಸಿದ. ಹನ್ನೊಂದು ಪಂದ್ಯ, ಪ್ರತಿಯೊಂದಕ್ಕೂ ಗೆಲುವು, ಸೋಲು, ಸಮ ಎಂಬ ಮೂರು ಫಲಿತಾಂಶ. ಎಲ್ಲ ಸಾಧ್ಯತೆಗಳಿಗೂ ಕಟ್ಟುವುದಾದರೆ 1,77,147 ಸಾಲು ಬೇಕು. ಅವನು ಕೊಟ್ಟದ್ದು 729 ಸಾಲು. ಫಲಿತಾಂಶ ಏನೇ ಆಗಲಿ, ಅವುಗಳಲ್ಲೊಂದು ಎರಡಕ್ಕಿಂತ ಹೆಚ್ಚು ತಪ್ಪಿರುವುದಿಲ್ಲ. ಎರಡು ವರ್ಷದ ನಂತರ ಮಾರ್ಸೆಲ್ ಗೊಲೆ ಇದೇ ರಚನೆಯನ್ನು ಸಂದೇಶಗಳಲ್ಲಿನ ತಪ್ಪು ತಿದ್ದುವ ಸಂಕೇತವಾಗಿ ಪ್ರಕಟಿಸಿದ. ಇಂದು ಅದಕ್ಕಿರುವುದು ಗೊಲೆಯ ಹೆಸರು.

ಈಗ ಆ 27 ಟಿಕೆಟ್‌ಗಳನ್ನು ಬಿಚ್ಚಿ ನೋಡೋಣ. ಬ್ರಿಟನ್ನಿನ ಲಾಟರಿಯಲ್ಲಿ 2015ರಿಂದ 59 ಸಂಖ್ಯೆಗಳಿವೆ, ಟಿಕೆಟ್‌ಗೆ ಆರು, ಡ್ರಾದಲ್ಲೂ ಆರು. ಮೊದಲು 59ನ್ನು ಐದು ಗುಂಪು ಮಾಡಬೇಕು: ಹದಿನಾಲ್ಕರ ಮೂರು ಗುಂಪು, ಒಂಬತ್ತರ ಒಂದು, ಎಂಟರ ಒಂದು. ಡ್ರಾದಲ್ಲಿ ಬರುವುದು ಆರು ಚೆಂಡು, ಗುಂಪು ಇರುವುದು ಐದು. ಐದು ಬುಟ್ಟಿಗೆ ಆರು ಹಣ್ಣು ಹಾಕಿದರೆ ಒಂದು ಬುಟ್ಟಿಯಲ್ಲಾದರೂ ಎರಡು ಬೀಳಲೇಬೇಕು. ಆದ್ದರಿಂದ ಪ್ರತಿ ಗುಂಪಿನೊಳಗಿನ ಪ್ರತಿ ಜೋಡಿಯೂ ಯಾವುದಾದರೊಂದು ಟಿಕೆಟ್‌ನಲ್ಲಿ ಇರುವಂತೆ ನೋಡಿಕೊಂಡರೆ ಸಾಕು.

ಹದಿನಾಲ್ಕರ ಗುಂಪಿಗೆ ಫಾನೊ ನೆರವಾಗುತ್ತಾನೆ. ಹದಿನಾಲ್ಕು ಸಂಖ್ಯೆಗಳನ್ನು ಎರಡೆರಡರಂತೆ ಏಳು ಜೊತೆ ಮಾಡಿ, ಪ್ರತಿ ಜೊತೆಯನ್ನು ಒಂದು ಬಿಂದು ಎಂದುಕೊಳ್ಳಿ. ಏಳು ರೇಖೆಗಳು ಹೀಗಿವೆ:

```
124  235  346  457  156  267  137
```

ಒಂದನೇ ರೇಖೆಯಲ್ಲಿ 1, 2, 4ನೇ ಜೊತೆಗಳಿವೆ. 1-2 ಮೊದಲ ಜೊತೆ, 3-4 ಎರಡನೆಯದು, 7-8 ನಾಲ್ಕನೆಯದು ಆದರೆ ಟಿಕೆಟ್ 1, 2, 3, 4, 7, 8. ರೇಖೆಗೊಂದರಂತೆ ಏಳು ಟಿಕೆಟ್, ಮೂರು ಗುಂಪಿಗೆ ಇಪ್ಪತ್ತೊಂದು. ಒಂಬತ್ತರ ಗುಂಪು ಇನ್ನೂ ಸುಲಭ. ಮೂರು ಮೂರರಂತೆ ಅ, ಆ, ಇ ಎಂದು ಒಡೆದು, ಅ-ಆ, ಆ-ಇ, ಅ-ಇ ಎಂಬ ಮೂರು ಟಿಕೆಟ್ ಬರೆದರೆ ಮುಗಿಯಿತು. ಎಂಟರ ಗುಂಪಿಗೂ ಹೀಗೆಯೇ ಮೂರು. ಒಟ್ಟು 27. ಇಪ್ಪತ್ತಾರರಲ್ಲಿ ಇದು ಸಾಧ್ಯವಿಲ್ಲ ಎಂಬುದನ್ನು ಆ ಇಬ್ಬರೂ ಕಂಪ್ಯೂಟರ್ ನೆರವಿನಿಂದ ಸಾಧಿಸಿದರು.

ಪಟ್ಟಿ ಸರಿಯಿದೆಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಗುಂಪಿನೊಳಗೆ ಯಾವುದೇ ಎರಡು ಸಂಖ್ಯೆ ತೆಗೆದುಕೊಂಡು ಅವೆರಡೂ ಇರುವ ಟಿಕೆಟ್ ಹುಡುಕಿದರಾಯಿತು. ಒಂದೇ ಒಂದು ಜೋಡಿ ಸಿಗದಿದ್ದರೂ ಆ ಪಟ್ಟಿಯ ಗ್ಯಾರಂಟಿ ಬಿದ್ದುಹೋಯಿತು. ಬರೆಯುವಾಗ ಒಂದು ಅಂಕಿ ತಪ್ಪಿದರೂ, ದುಡ್ಡು ಉಳಿಸಲು ಒಂದು ಟಿಕೆಟ್ ಬಿಟ್ಟರೂ ಅಷ್ಟೇ.

ಇಷ್ಟಾಗಿ ಕೈಗೆ ಬಂದದ್ದೇನು? ಅವರ ಮೂರು ಟಿಕೆಟ್‌ಗಳಲ್ಲಿ ಎರಡೆರಡು ಸಂಖ್ಯೆ ಹೊಂದಿದವು. ಎರಡು ಹೊಂದಿದ್ದಕ್ಕೆ ಸಿಗುವ ಬಹುಮಾನ ಮುಂದಿನ ಡ್ರಾಗೆ ಒಂದು ಉಚಿತ ಟಿಕೆಟ್. 54 ಪೌಂಡ್‌ಗೆ ಸಿಕ್ಕಿದ್ದು 6 ಪೌಂಡ್ ಬೆಲೆಯ ಮೂರು ಟಿಕೆಟ್, ಆ ಮೂರಕ್ಕೂ ಏನೂ ಬರಲಿಲ್ಲ. ಗ್ಯಾರಂಟಿ ಸುಳ್ಳಾಗಲಿಲ್ಲ. ಅದು ಭರವಸೆ ಕೊಟ್ಟದ್ದು ಎರಡು ಸಂಖ್ಯೆ ಹೊಂದುವುದರ ಬಗ್ಗೆ ಮಾತ್ರ, ಹಾಕಿದ ದುಡ್ಡಿನ ಬಗ್ಗೆ ಅಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ಯಾವ ಯೋಜನೆಯೂ ಇಲ್ಲದೆ ಕಣ್ಣುಮುಚ್ಚಿ 27 ಟಿಕೆಟ್ ಬರೆದರೂ, ಒಂದರಲ್ಲಾದರೂ ಎರಡು ಅಥವಾ ಹೆಚ್ಚು ಸಂಖ್ಯೆ ಹೊಂದುವ ಸಾಧ್ಯತೆ ನೂರಕ್ಕೆ ಸುಮಾರು 95. ಅಂದರೆ ಇಷ್ಟೆಲ್ಲ ಜಾಣತನ ತುಂಬಿದ್ದು ಉಳಿದ ಐದನ್ನು ಮಾತ್ರ. ದೊಡ್ಡ ಬಹುಮಾನದ ಅವಕಾಶ ಒಂದಿಷ್ಟೂ ಬದಲಾಗಿಲ್ಲ. ಒಟ್ಟು 4,50,57,474 ಸಂಯೋಜನೆಗಳಲ್ಲಿ ಯಾವ 27 ಬೇರೆ ಬೇರೆ ಟಿಕೆಟ್ ಕೊಂಡರೂ ಅವಕಾಶ 27ರಷ್ಟೇ.

ಮಾರಾಟಕ್ಕಿರುವ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಬಗೆಯ ಗ್ಯಾರಂಟಿ ಇರುತ್ತದೆ, ಅದರಲ್ಲಿ ‘ಬಂದರೆ’ ಎಂಬ ಮಾತು ಸಣ್ಣ ಅಕ್ಷರದಲ್ಲಿರುತ್ತದೆ. ಮೇಲಿನ ಒಂಬತ್ತು ಸಂಖ್ಯೆಗಳ ಮೂರು ಟಿಕೆಟ್‌ಗಳನ್ನೇ ತೆಗೆದುಕೊಳ್ಳಿ. ನಿಮ್ಮ ಒಂಬತ್ತರಲ್ಲಿ ನಾಲ್ಕು ಡ್ರಾದಲ್ಲಿ ಬಂದರೆ ಒಂದು ಟಿಕೆಟ್‌ನಲ್ಲಿ ಮೂರಾದರೂ ಹೊಂದುವುದು ಖಚಿತ, ಏಕೆಂದರೆ ನಾಲ್ಕನ್ನು ಅ, ಆ, ಇ ಗುಂಪುಗಳಿಗೆ ಹೇಗೆ ಹಂಚಿದರೂ ಯಾವುದಾದರೂ ಎರಡು ಗುಂಪು ಸೇರಿದಾಗ ಮೂರು ಆಗಿಯೇ ಆಗುತ್ತದೆ. ಆದರೆ ಒಂಬತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಬರುವುದು ಸುಮಾರು 280 ಡ್ರಾಗಳಿಗೊಮ್ಮೆ. ಉಳಿದ 279 ಸಲ ಆ ಗ್ಯಾರಂಟಿ ಬಾಯಿ ಬಿಡುವುದೇ ಇಲ್ಲ.

ಹಾಗಾದರೆ ವೀಲಿಂಗ್ ಏನನ್ನು ಬದಲಿಸುತ್ತದೆ? ಗೆಲುವು ಯಾವಾಗ, ಹೇಗೆ ಬರುತ್ತದೆ ಎಂಬುದನ್ನು. 59ನ್ನೂ ಆವರಿಸುವ ಪಟ್ಟಿ ಚಿಲ್ಲರೆ ಗೆಲುವನ್ನು ಪ್ರತಿ ಡ್ರಾಗೂ ಹರಡುತ್ತದೆ. ಕೆಲವೇ ಸಂಖ್ಯೆಗಳ ಪಟ್ಟಿ ಅದನ್ನು ಗುಡ್ಡೆ ಹಾಕುತ್ತದೆ: ಬಂದರೆ ಎರಡು ಮೂರು ಟಿಕೆಟ್ ಒಟ್ಟಿಗೆ, ಇಲ್ಲವಾದರೆ ಏನೂ ಇಲ್ಲ. ಸರಾಸರಿಯಾಗಿ ಗೆಲ್ಲುವ ಟಿಕೆಟ್‌ಗಳ ಎಣಿಕೆ ಎರಡರಲ್ಲೂ, ಕಣ್ಣುಮುಚ್ಚಿ ಬರೆದದ್ದರಲ್ಲೂ ಒಂದೇ. ಯಾರಾದರೂ ಗ್ಯಾರಂಟಿ ಪಟ್ಟಿ ತಂದರೆ ಕೇಳಬೇಕಾದ ಪ್ರಶ್ನೆ ಎರಡು: ಯಾವ ಷರತ್ತಿಗೆ, ಮತ್ತು ಎಷ್ಟು ರೂಪಾಯಿಯ ಬಹುಮಾನಕ್ಕೆ?