'ಮಣ್ಣಲ್ಲಿ ಕರಗುವ' ಕ್ಯಾರಿಬ್ಯಾಗ್ ಹಸಿ ಕಸವೋ, ಒಣ ಕಸವೋ? ಶಾಲೆಯ ಪ್ರಾಜೆಕ್ಟ್‌ನಲ್ಲೇ ಪರೀಕ್ಷಿಸಿ ನೋಡಿ

"ಇದು ಪ್ಲಾಸ್ಟಿಕ್ ಅಲ್ಲ, ಜೋಳದಿಂದ ಮಾಡಿದ ಚೀಲ. ಮಣ್ಣಿಗೆ ಹಾಕಿದರೆ ಗೊಬ್ಬರವಾಗುತ್ತದೆ. ಹಸಿ ಕಸದ ಜೊತೆಗೇ ಎಸೆಯಿರಿ." ಇಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ಕಸ ವಿಂಗಡಣೆಯ ಪ್ರಾಜೆಕ್ಟ್ ಮಾಡುವ ಮಕ್ಕಳಿಗೂ ಇದೇ ಗೊಂದಲ. ಬಾಳೆಹಣ್ಣಿನ ಸಿಪ್ಪೆ ಹಸಿ ಕಸ, ಹಾಲಿನ ಪ್ಯಾಕೆಟ್ ಒಣ ಕಸ. ಆದರೆ 'ಬಯೋ' ಎಂದು ಬರೆದ ಹಸಿರು ಚೀಲ ಯಾವ ಡಬ್ಬಿಗೆ? ತಪ್ಪು ಡಬ್ಬಿಗೆ ಹೋದರೆ ಶಾಲೆಯ ಗೊಬ್ಬರದ ಗುಂಡಿಯಲ್ಲಿ ಪ್ಲಾಸ್ಟಿಕ್ ಚೂರುಗಳು ಸೇರುತ್ತವೆ, ಅಲ್ಲಿಂದ ಗಿಡದ ಬುಡಕ್ಕೂ ಹೋಗುತ್ತವೆ.

ಕೊಳೆಯುವುದನ್ನು ನಿರ್ಧರಿಸುವುದು ಯಾವುದು?

ಪಾಲಿಮರ್ ಎಂದರೆ ಚಿಕ್ಕ ಅಣುಗಳು ಕೊಂಡಿಯಂತೆ ಸೇರಿ ಆದ ಉದ್ದನೆಯ ಸರಪಳಿ. ಕಾಗದದಲ್ಲಿರುವ ಸೆಲ್ಯುಲೋಸ್, ಅಕ್ಕಿಯಲ್ಲಿರುವ ಪಿಷ್ಟ, ಹಾಲಿನ ಪ್ಯಾಕೆಟ್‌ನ ಪಾಲಿಥೀನ್ ಎಲ್ಲವೂ ಪಾಲಿಮರ್‌ಗಳೇ. ಇವುಗಳ ನಡುವಿನ ವ್ಯತ್ಯಾಸ ಇರುವುದು ಕೊಂಡಿಯಲ್ಲಿ. ಸೆಲ್ಯುಲೋಸ್ ಮತ್ತು ಪಿಷ್ಟದ ಕೊಂಡಿಯನ್ನು ಕತ್ತರಿಸುವ ಕಿಣ್ವಗಳು ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಲ್ಲಿವೆ. ಪಾಲಿಥೀನ್‌ನಲ್ಲಿ ಕಾರ್ಬನ್‌ಗೆ ಕಾರ್ಬನ್ ನೇರವಾಗಿ ಅಂಟಿಕೊಂಡಿದೆ. ಆ ಗಟ್ಟಿ ಸರಪಳಿಯನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಕತ್ತರಿಸಲಾರವು.

ಮಿಶ್ರಗೊಬ್ಬರವಾಗುವ ಚೀಲಗಳಲ್ಲಿ ಸಾಮಾನ್ಯವಾಗಿ ಪಿಎಲ್ಎ, ಪಿಬಿಎಟಿ ಎಂಬ ಪಾಲಿಮರ್‌ಗಳಿರುತ್ತವೆ, ಜೊತೆಗೆ ಪಿಷ್ಟವನ್ನೂ ಬೆರೆಸುತ್ತಾರೆ. ಪಿಎಲ್ಎ, ಪಿಬಿಎಟಿ ಸರಪಳಿಗಳಲ್ಲಿ ಎಸ್ಟರ್ ಕೊಂಡಿಗಳಿವೆ. ನೀರು ಮತ್ತು ಶಾಖ ಸಿಕ್ಕಿದರೆ ಅವು ತುಂಡಾಗುತ್ತವೆ. ತುಂಡಾದ ಚಿಕ್ಕ ಅಣುಗಳನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ.

ಹಾಗಾಗಿ 'ಯಾವುದರಿಂದ ಮಾಡಿದ್ದು' ಎಂಬುದು ಮುಖ್ಯವಲ್ಲ. ಕಬ್ಬಿನಿಂದ ತಯಾರಿಸಿದ ಪಾಲಿಥೀನ್ ಕೂಡ ಪಾಲಿಥೀನೇ, ಅದು ಕೊಳೆಯುವುದಿಲ್ಲ. ಪಿಬಿಎಟಿ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು, ಆದರೂ ಅದು ಕೊಳೆಯಬಲ್ಲದು.

ಮೊದಲ ಪರೀಕ್ಷೆ: ತೇಲುತ್ತದೆಯೇ, ಮುಳುಗುತ್ತದೆಯೇ?

ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ. ಚೀಲದ ಸಣ್ಣ ತುಂಡನ್ನು ಕಡ್ಡಿಯಿಂದ ಒತ್ತಿ ಪೂರ್ತಿ ಮುಳುಗಿಸಿ ಬಿಡಿ. ಸೋಪು ಹಾಕದಿದ್ದರೆ ತುಂಡಿಗೆ ಅಂಟಿದ ಗಾಳಿಗುಳ್ಳೆಗಳೇ ಅದನ್ನು ಮೇಲೆತ್ತಿ ಫಲಿತಾಂಶ ಕೆಡಿಸುತ್ತವೆ.

ಪಾಲಿಥೀನ್‌ನ ಸಾಂದ್ರತೆ ಸುಮಾರು 0.92ರಿಂದ 0.96, ಅಂದರೆ ನೀರಿಗಿಂತ ಕಡಿಮೆ. ಆದ್ದರಿಂದ ಅದು ತೇಲುತ್ತದೆ. ಪಿಎಲ್ಎ ಮತ್ತು ಪಿಬಿಎಟಿಯ ಸಾಂದ್ರತೆ ಸುಮಾರು 1.25, ಅವು ಮುಳುಗುತ್ತವೆ. 'ಮಣ್ಣಲ್ಲಿ ಕರಗುತ್ತದೆ' ಎಂದು ಬರೆದ ಚೀಲದ ತುಂಡು ತೇಲಿದರೆ ಆ ಮಾತನ್ನು ಅನುಮಾನಿಸಲೇಬೇಕು. ಅದು ಹೆಚ್ಚಾಗಿ ಮಾಮೂಲಿ ಪಾಲಿಥೀನ್ ಆಗಿರುತ್ತದೆ.

ಆದರೆ ಮುಳುಗಿದ ಮಾತ್ರಕ್ಕೆ ಚೀಲ ಅಸಲಿ ಎಂದಲ್ಲ. ಪಾಲಿಥೀನ್‌ಗೆ ಸುಣ್ಣದ ಕಲ್ಲಿನ ಪುಡಿಯನ್ನು ಸಾಕಷ್ಟು ಬೆರೆಸಿದರೆ ಅದೂ ಮುಳುಗುತ್ತದೆ. ತೇಲುವುದು ನಕಲಿಯ ಸುಳಿವು ಕೊಡುತ್ತದೆ, ಮುಳುಗುವುದು ಅಸಲಿ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಸುಟ್ಟು ವಾಸನೆ ನೋಡುವ ಪರೀಕ್ಷೆಯನ್ನಂತೂ ಮಕ್ಕಳಿಂದ ಮಾಡಿಸಬೇಡಿ. ತುಂಡು ಪಿವಿಸಿ ಆಗಿದ್ದರೆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ.

ಎರಡನೇ ಪರೀಕ್ಷೆ: ಮಣ್ಣಲ್ಲಿ ಹೂಳುವುದು

ಇಲ್ಲಿ ಹೆಚ್ಚಿನ ಪ್ರಾಜೆಕ್ಟ್‌ಗಳು ತೂಕದ ವಿಷಯದಲ್ಲಿ ಎಡವುತ್ತವೆ. ಹಾಲಿನ ಪ್ಯಾಕೆಟ್‌ನಿಂದ 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ತುಂಡು ಕತ್ತರಿಸಿದಿರಿ ಎನ್ನೋಣ. ದಪ್ಪ 50 ಮೈಕ್ರಾನ್, ಅಂದರೆ 0.005 ಸೆಂಟಿಮೀಟರ್. ಗಾತ್ರ 25 × 0.005 = 0.125 ಘನ ಸೆಂಟಿಮೀಟರ್. ಅದನ್ನು 0.92ರಿಂದ ಗುಣಿಸಿದರೆ ತೂಕ ಸುಮಾರು 0.115 ಗ್ರಾಂ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಗೆ ಇದು ಕಾಣುವುದೇ ಇಲ್ಲ. ಆದ್ದರಿಂದ ಪ್ರತಿ ವಸ್ತುವಿನ 10 ತುಂಡು ತೆಗೆದುಕೊಂಡು, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಆಗ ಪ್ಯಾಕೆಟ್‌ನ ತುಂಡುಗಳು ಸುಮಾರು 1.15 ಗ್ರಾಂ ತೂಗುತ್ತವೆ. ಅಷ್ಟೇ ಅಳತೆಯ ದಿನಪತ್ರಿಕೆಯ 10 ತುಂಡುಗಳೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತವೆ.

ಹಾಲಿನ ಪ್ಯಾಕೆಟ್, 'ಬಯೋ' ಚೀಲ ಮತ್ತು ದಿನಪತ್ರಿಕೆಯ ತುಂಡುಗಳನ್ನು ಬೇರೆ ಬೇರೆ ನೈಲಾನ್ ಸೊಳ್ಳೆಪರದೆಯ ಚೀಲಗಳಲ್ಲಿ ಹಾಕಿ ಗೊಬ್ಬರದ ಗುಂಡಿಯಲ್ಲಿ ಒಂದೇ ಆಳಕ್ಕೆ ಹೂಳಿ. ಗುಂಡಿಯ ತೇವ ಆರಲು ಬಿಡಬೇಡಿ. 60 ದಿನಗಳ ನಂತರ ತೆಗೆದು, ಪರದೆಯ ಚೀಲದಲ್ಲೇ ಮೆಲ್ಲಗೆ ತೊಳೆದು, ನೆರಳಲ್ಲಿ ಎರಡು ದಿನ ಒಣಗಿಸಿ ತೂಗಿ. ತೊಳೆದು ಒಣಗಿಸದಿದ್ದರೆ ಮಣ್ಣಿನ ತೂಕವೂ ಸೇರಿ ಪ್ಲಾಸ್ಟಿಕ್ 'ಬೆಳೆದಂತೆ' ಕಾಣುತ್ತದೆ.

ಮೊದಲು ನೋಡಬೇಕಾದ್ದು ದಿನಪತ್ರಿಕೆಯನ್ನು. ಅದೇ ಕೊಳೆತಿಲ್ಲದಿದ್ದರೆ ಗುಂಡಿಯಲ್ಲಿ ತೇವ ಅಥವಾ ಸೂಕ್ಷ್ಮಜೀವಿಗಳು ಸಾಲವು, ಪರೀಕ್ಷೆಯನ್ನು ಮತ್ತೆ ಮಾಡಬೇಕು. ಪತ್ರಿಕೆ ಕೊಳೆತು ಪ್ಯಾಕೆಟ್ ಇನ್ನೂ 1.15 ಗ್ರಾಂ ಆಸುಪಾಸಿನಲ್ಲೇ ಇದ್ದರೆ ಗುಂಡಿ ಸರಿಯಾಗಿದೆ.

'ಬಯೋ' ಚೀಲ ಹಾಗೇ ಉಳಿದಿದ್ದರೆ?

ಅದು ನಕಲಿ ಎಂದು ತಕ್ಷಣ ತೀರ್ಮಾನಿಸಬೇಡಿ. ಪಿಎಲ್ಎ ಮೆತ್ತಗಾಗುವುದೇ ಸುಮಾರು 60 ಡಿಗ್ರಿ ಸೆಲ್ಸಿಯಸ್ ಹತ್ತಿರ. ದೊಡ್ಡ ಗೊಬ್ಬರ ಘಟಕಗಳಲ್ಲಿ ರಾಶಿಯೊಳಗಿನ ಶಾಖ ಆ ಮಟ್ಟಕ್ಕೆ ಏರುತ್ತದೆ. ಶಾಲೆಯ ಸಣ್ಣ ಗುಂಡಿ ಅಥವಾ ಮನೆಯ ಮಡಕೆ ಅಷ್ಟು ಬಿಸಿಯಾಗಿ ವಾರಗಟ್ಟಲೆ ನಿಲ್ಲುವುದಿಲ್ಲ. ಅಲ್ಲಿ ಅಸಲಿ ಚೀಲವೂ ತಿಂಗಳುಗಟ್ಟಲೆ ಉಳಿಯಬಹುದು.

ಭಾರತದಲ್ಲಿ ಇಂಥ ಚೀಲಗಳಿಗೆ ಅನ್ವಯಿಸುವ ಮಾನದಂಡ ಐಎಸ್/ಐಎಸ್ಒ 17088. ಬಿಸಿ ಗೊಬ್ಬರ ಘಟಕದಂಥ ವಾತಾವರಣದಲ್ಲಿ 180 ದಿನಗಳೊಳಗೆ ವಸ್ತುವಿನ ಕಾರ್ಬನ್‌ನ 90% ಭಾಗ ಇಂಗಾಲದ ಡೈಆಕ್ಸೈಡ್ ಆಗಬೇಕು ಎನ್ನುತ್ತದೆ ಅದು. ಅಂದರೆ ಅಳೆಯುವುದು ಕಣ್ಣಿಗೆ ಕಾಣದಂತಾಗಿದೆಯೇ ಎಂದಲ್ಲ, ಸೂಕ್ಷ್ಮಜೀವಿಗಳು ತಿಂದು ಉಸಿರಾಗಿ ಬಿಟ್ಟಿವೆಯೇ ಎಂದು.

ಶಾಲೆಯ ಪರೀಕ್ಷೆಯ ಮಿತಿಯೂ ಇಲ್ಲೇ ಇದೆ. ಕೆಲವು ಚೀಲಗಳು ಪಾಲಿಥೀನ್‌ಗೆ ಪಿಷ್ಟವನ್ನೋ ಬೇಗ ಒಡೆಯಿಸುವ ರಾಸಾಯನಿಕವನ್ನೋ ಬೆರೆಸಿ ಮಾಡಿದವು. ಅವು ಪುಡಿಪುಡಿಯಾಗುತ್ತವೆ, ಪುಡಿ ಪರದೆಯ ರಂಧ್ರದಿಂದ ಜಾರಿಹೋಗುತ್ತದೆ, ತಕ್ಕಡಿಯಲ್ಲಿ ತೂಕ ಇಳಿಯುತ್ತದೆ. ಆದರೆ ಪಾಲಿಥೀನ್ ಮೈಕ್ರೋಪ್ಲಾಸ್ಟಿಕ್ ಆಗಿ ಮಣ್ಣಲ್ಲೇ ಇರುತ್ತದೆ. ವರದಿಯಲ್ಲಿ 'ತೂಕ ಇಳಿದಿದೆ' ಎಂದು ಬರೆಯಿರಿ, 'ಕೊಳೆತಿದೆ' ಎಂದು ಬರೆಯಬೇಡಿ.

ಹಾಗಾದರೆ ಯಾವ ಡಬ್ಬಿಗೆ?

ಚೀಲದ ಮೇಲೆ 'ಕಾಂಪೋಸ್ಟಬಲ್' ಎಂಬ ಪದ, ತಯಾರಕರ ಹೆಸರು ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇದೆಯೇ ನೋಡಿ. 'ಇಕೋ ಫ್ರೆಂಡ್ಲಿ' ಎಂಬ ಬರಹ, ಎಲೆಯ ಚಿತ್ರ, ಹಸಿರು ಬಣ್ಣ ಯಾವುದನ್ನೂ ಸಾಬೀತು ಮಾಡುವುದಿಲ್ಲ.

ಈ ವಿವರಗಳೆಲ್ಲ ಇದ್ದು, ನಿಮ್ಮ ಊರಿನ ಹಸಿ ಕಸ ಹೋಗುವ ಘಟಕ ಇಂಥ ಚೀಲವನ್ನು ತೆಗೆದುಕೊಳ್ಳುತ್ತದೆ ಎಂದು ಕೇಳಿ ಖಚಿತವಾದರೆ ಮಾತ್ರ ಹಸಿ ಕಸಕ್ಕೆ ಹಾಕಿ. ಶಾಲೆಯ ಗುಂಡಿಗೆ ಹಾಕಬೇಡಿ. ಮರುಬಳಕೆಗೆ ಹೋಗುವ ಪಾಲಿಥೀನ್ ಜೊತೆಗೂ ಬೆರೆಸಬೇಡಿ, ಪಿಎಲ್ಎ, ಪಿಬಿಎಟಿ ಸೇರಿದರೆ ಕರಗಿಸಿ ಮಾಡಿದ ಹೊಸ ಪ್ಲಾಸ್ಟಿಕ್‌ನ ಗುಣಮಟ್ಟ ಕೆಡುತ್ತದೆ. ಘಟಕ ಬೇಡವೆಂದರೆ ಒಣ ಕಸದವರಿಗೆ ಬೇರೆ ಕಟ್ಟಿ, 'ಇದು ಬೇರೆ ಜಾತಿಯ ಚೀಲ' ಎಂದು ಹೇಳಿ ಕೊಡಿ. ಯಾವ ಗುರುತೂ ಇಲ್ಲದ ಅಥವಾ ನೀರಲ್ಲಿ ತೇಲಿದ ಚೀಲವನ್ನು ಮಾಮೂಲಿ ಪ್ಲಾಸ್ಟಿಕ್ ಎಂದೇ ಪರಿಗಣಿಸಿ ಒಣ ಕಸಕ್ಕೆ ಹಾಕಿ.

ನಮ್ಮ ತೀರ್ಮಾನ: 'ಮಣ್ಣಿಗೆ ಹಾಕಿದರೆ ಗೊಬ್ಬರವಾಗುತ್ತದೆ' ಎಂಬ ಸಂದೇಶ ಅರ್ಧ ಸತ್ಯ. ಪ್ರಮಾಣಪತ್ರವಿರುವ ಚೀಲ ಬಿಸಿಯಾದ ಗೊಬ್ಬರ ಘಟಕದಲ್ಲಿ ಕೊಳೆಯುತ್ತದೆ. ಹಿತ್ತಲ ಮಣ್ಣಲ್ಲಿ, ರಸ್ತೆ ಬದಿಯಲ್ಲಿ, ಕೆರೆಯಲ್ಲಿ ಹಾಗಾಗುತ್ತದೆ ಎಂದು ನಂಬಿ ಎಸೆಯಬೇಡಿ.